ಬ್ಯಾಂಕಿನ ಸಾಲ ಮಂಜೂರಾತಿ ಪತ್ರವನ್ನು ರೈತರಿಗೆ ಕನ್ನಡ ಮಾಡಿಕೊಡುವುದು ಹೇಗೆ?

ನಾನು ಗದಗದಲ್ಲಿ ಕಾಗದಪತ್ರ ಅನುವಾದದ ಕೆಲಸ ಮಾಡುತ್ತೇನೆ. ಒಮ್ಮೆ ರೋಣ ತಾಲೂಕಿನ ರೈತರೊಬ್ಬರು ಬೆಳೆಸಾಲದ ಮಂಜೂರಾತಿ ಪತ್ರ ತಂದಿದ್ದರು. ಐದು ಎಕರೆ ಎರೆ ಹೊಲ. ಮುಂಗಾರಿಗೆ ಈರುಳ್ಳಿ, ಹಿಂಗಾರಿಗೆ ಕಡಲೆ. ಕಿಸಾನ್ ಕ್ರೆಡಿಟ್ ಕಾರ್ಡ್ ಮೇಲೆ 2 ಲಕ್ಷ ರೂಪಾಯಿ ಮಂಜೂರಾಗಿತ್ತು. ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ನಾನು ಒಂದು ಸಾಲನ್ನೂ ಬಿಡದೆ ಕನ್ನಡ ಮಾಡಿ ಕೊಟ್ಟೆ. 'ವ್ಯಾಲಿಡಿಟಿ: 60 ಮಂತ್ಸ್' ಎಂಬ ಕಡೆ 'ಅವಧಿ: 5 ವರ್ಷ' ಎಂದು ಬರೆದೆ.

ಅವರು ಅದನ್ನು ಓದಿ, ಸಾಲ ತೀರಿಸಲು ಐದು ವರ್ಷ ಟೈಮ್ ಇದೆ ಎಂದುಕೊಂಡರು. ಬೇರೆ ಯಾರೇ ಆಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು. ಆದರೆ ಆ ಐದು ವರ್ಷ ಕಾರ್ಡಿನ ಆಯುಷ್ಯ, ಸಾಲದ ಗಡುವಲ್ಲ. ತೆಗೆದ ಹಣವನ್ನು 12 ತಿಂಗಳೊಳಗೆ ಕಟ್ಟಬೇಕಿತ್ತು. ಆ ಮಾತು ಎರಡನೇ ಪುಟದ ಕೆಳಗೆ ಇನ್ನೊಂದು ಷರತ್ತಿನೊಳಗೆ ಇತ್ತು. ಅದನ್ನೂ ನಾನು ಸರಿಯಾಗೇ ಅನುವಾದ ಮಾಡಿದ್ದೆ. ಆದರೆ ಮೊದಲ ಪುಟದಲ್ಲಿ '5 ವರ್ಷ' ಎಂದು ಕಂಡ ಮೇಲೆ ಎರಡನೇ ಪುಟದ ಕೊನೆಯ ಸಾಲನ್ನು ಯಾರು ಹುಡುಕುತ್ತಾರೆ? ಅವರು ಮೂರು ತಿಂಗಳು ತಡವಾಗಿ ಕಟ್ಟಿದರು. "ತಮ್ಮಾ, ನೀನ ಬರದು ಕೊಟ್ಟಿದ್ದೆಲ್ಲಾ, ಐದು ವರ್ಷ ಅಂತ" ಎಂದು ಅದೇ ಹಾಳೆ ಹಿಡಿದುಕೊಂಡು ಬಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆಮೇಲೆ ನಾನು ಕೆಲಸದ ರೀತಿಯನ್ನೇ ಬದಲಿಸಿದೆ. ಊರಲ್ಲಿ ಇಂಗ್ಲಿಷ್ ಓದಲು ಬರುವವರು ನೀವೊಬ್ಬರೇ ಆಗಿದ್ದರೆ ಇಂಥ ಪತ್ರ ನಾಳೆ ನಿಮ್ಮ ಕೈಗೂ ಬರುತ್ತದೆ. ಹಾಗಾಗಿ ಅದೇ ಪತ್ರ ಇಟ್ಟುಕೊಂಡು ಹೇಳುತ್ತೇನೆ.

ಪೆನ್ನು ಹಿಡಿಯುವ ಮುಂಚೆ: ಯಾವ ಸಾಲ, ಯಾರ ಸಾಲ

ಮೊದಲು ಪತ್ರವನ್ನು ಒಮ್ಮೆ ಕೊನೆಯ ತನಕ ಓದಿ. ಅಲ್ಲಿಯ ತನಕ ಅನುವಾದ ಶುರು ಮಾಡಬೇಡಿ. ಇದು ಬೆಳೆಸಾಲವೋ, ಟ್ರ್ಯಾಕ್ಟರ್ ಅಥವಾ ಬೋರ್‌ವೆಲ್ ಥರದ ಕಂತಿನ ಸಾಲವೋ ಎನ್ನುವುದು ಮೊದಲು ಗೊತ್ತಾಗಬೇಕು. ಎರಡರಲ್ಲೂ ಬಡ್ಡಿಯ ಲೆಕ್ಕ ಬೇರೆ, ಗಡುವಿನ ಅರ್ಥವೂ ಬೇರೆ. ಇಲ್ಲಿ ಬೆಳೆಸಾಲದ ಬಗ್ಗೆ ಮಾತ್ರ ಹೇಳುತ್ತೇನೆ.

ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಇನ್ನೊಂದು ತೊಡಕಿದೆ. ಇಲ್ಲಿ 'ಕೆಸಿಸಿ' ಅಂದರೆ ಜನರಿಗೆ ಮೊದಲು ನೆನಪಾಗುವುದು ಕೆಸಿಸಿ ಬ್ಯಾಂಕು, ಅಂದರೆ ಧಾರವಾಡದ ಕರ್ನಾಟಕ ಸೆಂಟ್ರಲ್ ಕೋ-ಆಪರೇಟಿವ್ ಬ್ಯಾಂಕು. ಪತ್ರದಲ್ಲಿರುವ 'ಕೆಸಿಸಿ' ಮಾತ್ರ ಕಿಸಾನ್ ಕ್ರೆಡಿಟ್ ಕಾರ್ಡ್. 'ಕೆಸಿಸಿ ಸಾಲ' ಎಂದು ಹಾಗೇ ಬರೆದರೆ ರೈತರು ಸೊಸೈಟಿಯ ಸಾಲ ಎಂದುಕೊಳ್ಳಬಹುದು. ಆಗ 'ಬಡ್ಡಿ ಇಲ್ಲದ ಸಾಲ' ಎಂದೂ ತಿಳಿಯುತ್ತಾರೆ. ಯಾಕಂದರೆ ರಾಜ್ಯ ಸರ್ಕಾರದ ಶೂನ್ಯ ಬಡ್ಡಿಯ ಬೆಳೆಸಾಲ, ಅಂದರೆ 5 ಲಕ್ಷದ ವರೆಗಿನದು, ಸಹಕಾರ ಸಂಘಗಳ ಮೂಲಕ ಸಿಗುವಂಥದ್ದು. ಬೇರೆ ಬ್ಯಾಂಕಿನ ಕಿಸಾನ್ ಕಾರ್ಡಿಗೆ ಅದು ಅನ್ವಯಿಸುವುದಿಲ್ಲ. ಅದಕ್ಕೇ 'ಕಿಸಾನ್ ಕಾರ್ಡ್ ಸಾಲ' ಎಂದು ಬಿಡಿಸಿ ಬರೆಯಿರಿ, ಯಾವ ಬ್ಯಾಂಕು, ಯಾವ ಶಾಖೆ ಎಂದೂ ಹಾಕಿ.

ಮೊದಲ ಪುಟ: ಮೊತ್ತ ಮತ್ತು ತಾರೀಖು

ನಾನೀಗ ಅನುವಾದದ ಮೇಲೆ ಒಂದು ಬೇರೆ ಹಾಳೆ ಇಡುತ್ತೇನೆ. ಅದರಲ್ಲಿ ದೊಡ್ಡ ಅಕ್ಷರದಲ್ಲಿ ಮೂರು ವಿಷಯ ಇರುತ್ತವೆ: ಎಷ್ಟು ತೆಗೆಯಬಹುದು, ಯಾವ ತಾರೀಖಿನೊಳಗೆ ಕಟ್ಟಬೇಕು, ಆ ದಿನ ಸುಮಾರು ಎಷ್ಟು ಕಟ್ಟಬೇಕು. ಉಳಿದದ್ದೆಲ್ಲ ಅದರ ಹಿಂದೆ.

ಮೊತ್ತದ ಕಡೆ 'ಲಿಮಿಟ್' ಎಂದಿರುತ್ತದೆ. ಅದನ್ನು 'ಸಾಲದ ಮೊತ್ತ' ಎಂದು ಬರೆದರೆ ತಪ್ಪು ಅರ್ಥ ಬರುತ್ತದೆ. ಲಿಮಿಟ್ ಅಂದರೆ ಇಷ್ಟರ ತನಕ ತೆಗೆಯಬಹುದು ಎಂದು. ಬಡ್ಡಿ ಬೀಳುವುದು ತೆಗೆದ ಹಣಕ್ಕೆ ಮಾತ್ರ, ಅದೂ ತೆಗೆದ ದಿನದಿಂದ. ಬಿತ್ತನೆಗೆ 1,20,000 ತೆಗೆದು, ಉಳಿದ 80,000 ಅನ್ನು ನಾಲ್ಕು ತಿಂಗಳು ಬಿಟ್ಟು ತೆಗೆದರೆ ಆ 80,000ಕ್ಕೆ ನಾಲ್ಕು ತಿಂಗಳ ಬಡ್ಡಿ ಇಲ್ಲ. ಈರುಳ್ಳಿ ಮಾರಿದ ಪಟ್ಟಿ ಕೈಗೆ ಬಂದಾಗ ಆ ಖಾತೆಗೇ ಸ್ವಲ್ಪ ತುಂಬಿದರೆ ಅವತ್ತಿನಿಂದ ಅಷ್ಟಕ್ಕೆ ಬಡ್ಡಿ ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಮಂಜೂರಾದ ದಿನವೇ ಪೂರ್ತಿ ಹಣ ತೆಗೆದು ಉಳಿತಾಯ ಖಾತೆಯಲ್ಲಿ ಸುಮ್ನೆ ಇಟ್ಟುಕೊಂಡವರನ್ನು ನೋಡಿದ್ದೇನೆ. ನಾನು ಹೀಗೆ ಬರೆಯುತ್ತೇನೆ: 'ನೀವು ಹೆಚ್ಚೆಂದರೆ 2,00,000 ರೂಪಾಯಿ ತೆಗೆಯಬಹುದು. ಎಷ್ಟು ತೆಗೆಯುತ್ತೀರೋ ಅಷ್ಟಕ್ಕೆ, ತೆಗೆದ ದಿನದಿಂದ ಬಡ್ಡಿ.'

ಇನ್ನು ನಾನು ಎಡವಿದ ಜಾಗ. 'ವ್ಯಾಲಿಡಿಟಿ', 'ಟೆನ್ಯೂರ್' ಎಂದಿರುವ ಕಡೆ ಬರೀ 'ಅವಧಿ' ಎನ್ನಬೇಡಿ. ಈಗ ನಾನು ಬರೆಯುವುದು ಹೀಗೆ: 'ಈ ಕಾರ್ಡ್ 5 ವರ್ಷ ನಡೆಯುತ್ತದೆ. ಆದರೆ ತೆಗೆದ ಹಣವನ್ನು ಬಡ್ಡಿ ಸಮೇತ 12 ತಿಂಗಳೊಳಗೆ ಕಟ್ಟಬೇಕು. ಕಟ್ಟಿದ ಮೇಲೆ ಮತ್ತೆ ತೆಗೆಯಬಹುದು. ಬ್ಯಾಂಕು ಪ್ರತಿ ವರ್ಷ ಖಾತೆ ನೋಡಿ ಮುಂದುವರಿಸುತ್ತದೆ.' ಪತ್ರದಲ್ಲಿ ದೂರ ದೂರ ಇರುವ ಎರಡು ಮಾತುಗಳನ್ನು ಇಲ್ಲಿ ಒಂದೇ ಕಡೆ ತಂದಿದ್ದೇನೆ. ಅನುವಾದಕ ಹಾಗೆ ಮಾಡಬಹುದಾ ಎಂದು ಕೆಲವರು ಕೇಳುತ್ತಾರೆ. ಕೋರ್ಟಿಗೆ ಕೊಡುವ ಅನುವಾದದಲ್ಲಿ ಮಾಡಬಾರದು. ರೈತರಿಗೆ ತಿಳಿಯಲಿ ಎಂದು ಮಾಡುವಾಗ ಮಾಡಲೇಬೇಕು. ಯಾವ ಷರತ್ತಿನಿಂದ ತೆಗೆದುಕೊಂಡಿರಿ ಎಂದು ಅದರ ನಂಬರ್ ಪಕ್ಕದಲ್ಲಿ ಹಾಕಿದರೆ ಆಯಿತು.

'12 ತಿಂಗಳು' ಎಂದಷ್ಟೇ ಬರೆದು ಬಿಡಬೇಡಿ. ತಾರೀಖು ಬರೆಯಿರಿ. ಜೂನ್ 12ಕ್ಕೆ ತೆಗೆದಿದ್ದರೆ ಗಡುವು ಮುಂದಿನ ಜೂನ್ 11ಕ್ಕೋ 12ಕ್ಕೋ ಎಂದು ನೀವು ಊಹೆ ಮಾಡುವುದು ಬೇಡ. ಪತ್ರದಲ್ಲಿ ತಾರೀಖು ಇಲ್ಲದಿದ್ದರೆ ಆ ಜಾಗ ಖಾಲಿ ಬಿಟ್ಟು 'ಬ್ಯಾಂಕಿನಲ್ಲಿ ಕೇಳಿ ಬರೆಸಿಕೊಳ್ಳಬೇಕು' ಎಂದು ಹಾಕಿ. ಎರಡು ಸಲ ಹಣ ತೆಗೆದವರಿಗಂತೂ ಇದು ಇನ್ನೂ ಮುಖ್ಯ.

ಬಡ್ಡಿ: ನೂರಕ್ಕೆ ಎಷ್ಟು, ಯಾವಾಗ

ನಮ್ಮ ಕಡೆ ಕೈಸಾಲದಲ್ಲಿ 'ನೂರಕ್ಕ ಎರಡು' ಅಂದರೆ ತಿಂಗಳಿಗೆ ಎರಡು ರೂಪಾಯಿ, ವರ್ಷಕ್ಕೆ ಇಪ್ಪತ್ನಾಲ್ಕು. ಬ್ಯಾಂಕಿನ ಪತ್ರದಲ್ಲಿ '7%' ಎಂದಿದ್ದರೆ ವರ್ಷಕ್ಕೆ ಏಳು. ನೀವು 'ಬಡ್ಡಿ ನೂರಕ್ಕೆ 7' ಎಂದು ಬರೆದರೆ ಓದುವವರು ತಿಂಗಳ ಲೆಕ್ಕ ಹಾಕಿ ಗಾಬರಿಯಾಗುತ್ತಾರೆ. 'ಪರ್ ಆನಮ್' ಎಂಬ ಎರಡು ಪದವನ್ನು ಎಲ್ಲೂ ಬಿಡಬೇಡಿ. 'ವರ್ಷಕ್ಕೆ ನೂರು ರೂಪಾಯಿಗೆ 7 ರೂಪಾಯಿ, ಅಂದರೆ ತಿಂಗಳಿಗೆ ನೂರಕ್ಕೆ ಸುಮಾರು 58 ಪೈಸೆ' ಎಂದು ಬರೆದರೆ ಕೈಸಾಲದ ಜೊತೆ ಹೋಲಿಸಿ ನೋಡಲು ಅವರಿಗೇ ಬರುತ್ತದೆ.

ಈಗ ಆ ಏಳಕ್ಕೆ ಬರೋಣ. ಬೆಳೆಸಾಲಕ್ಕೆ 3 ಲಕ್ಷದ ತನಕ 7% ಬಡ್ಡಿ ಎನ್ನುವುದು ಕೇಂದ್ರ ಸರ್ಕಾರ ಬ್ಯಾಂಕಿಗೆ ಬಡ್ಡಿ ಸಹಾಯಧನ ಕೊಡುವುದರಿಂದ ಬಂದ ದರ. ಗಡುವಿನೊಳಗೆ ಕಟ್ಟಿದವರಿಗೆ ಅದರಲ್ಲಿ ಇನ್ನೂ 3% ರಿಯಾಯಿತಿ. ಆಗ ಬೀಳುವುದು 4% ಮಾತ್ರ. ಪತ್ರದಲ್ಲಿ ಇದು 'ಇಂಟರೆಸ್ಟ್ ಸಬ್‌ವೆನ್ಷನ್' ಮತ್ತು 'ಪ್ರಾಂಪ್ಟ್ ರೀಪೇಮೆಂಟ್ ಇನ್ಸೆಂಟಿವ್' ಎಂದು ಎರಡು ಹೆಸರಿನಲ್ಲಿ ಇರುತ್ತದೆ. ಕನ್ನಡದಲ್ಲಿ ಎರಡಕ್ಕೂ 'ಬಡ್ಡಿ ರಿಯಾಯಿತಿ' ಎಂದು ಬರೆಯಬೇಡಿ, ಒಂದರೊಳಗೊಂದು ಸೇರಿಹೋಗುತ್ತವೆ. ಮೊದಲನೆಯದು ಬ್ಯಾಂಕಿಗೆ ಹೋಗುವ ಹಣ. ಎರಡನೆಯದು ರೈತರ ಖಾತೆಗೆ ಬರುವ ಹಣ. ನಾನು ಮೊದಲನೆಯದನ್ನು 'ಸರ್ಕಾರದ ಬಡ್ಡಿ ಸಹಾಯ' ಎಂದೂ ಎರಡನೆಯದನ್ನು 'ಸಮಯಕ್ಕೆ ಕಟ್ಟಿದ್ದಕ್ಕೆ 3% ವಾಪಸ್' ಎಂದೂ ಬರೆಯುತ್ತೇನೆ. 'ವಾಪಸ್' ಎಂಬ ಮಾತನ್ನು ಬೇಕಂತಲೇ ಬಳಸುತ್ತೇನೆ. ಸಾಮಾನ್ಯವಾಗಿ ಬ್ಯಾಂಕು 7% ಲೆಕ್ಕದಲ್ಲಿ ಬಡ್ಡಿ ಹಾಕುತ್ತದೆ, 3% ಆಮೇಲೆ ಜಮೆ ಆಗುತ್ತದೆ. '4% ಬಡ್ಡಿ' ಎಂದಷ್ಟೇ ಬರೆದರೆ ರೈತರು 2,08,000 ಹಿಡಿದುಕೊಂಡು ಬ್ಯಾಂಕಿಗೆ ಹೋಗುತ್ತಾರೆ. ಕೌಂಟರಿನಲ್ಲಿ 2,14,000 ಕೇಳುತ್ತಾರೆ. ಆ 6,000ಕ್ಕೆ ಓಡಾಡುವಷ್ಟರಲ್ಲಿ ಗಡುವು ಮುಗಿದರೆ ಆ ವಾಪಸ್ಸೇ ಹೋಯಿತು.

ಇನ್ನೊಂದು ಕಡೆ ಗಮನ ಕೊಡಿ. ಈ ರಿಯಾಯಿತಿಯ ಸಾಲಿನಲ್ಲಿ 'ಸಬ್ಜೆಕ್ಟ್ ಟು' ಎಂದು ಇದ್ದೇ ಇರುತ್ತದೆ. ಅದನ್ನು 'ಒಳಪಟ್ಟು' ಎಂದು ಬರೆಯುವುದು ನಮ್ಮ ಅಭ್ಯಾಸ. 'ಸರ್ಕಾರದ ನಿಯಮಗಳಿಗೆ ಒಳಪಟ್ಟು ದೊರೆಯುವುದು' ಎಂಬ ಸಾಲಿನಲ್ಲಿ ಓದುವವರ ಕಣ್ಣಿಗೆ ಬೀಳುವುದು 'ದೊರೆಯುವುದು' ಮಾತ್ರ. ವಾಕ್ಯವನ್ನು ಎರಡು ಮಾಡಿ. 'ಈ ರಿಯಾಯಿತಿ ಸಿಗುತ್ತದೆ. ಆದರೆ ಈ ಷರತ್ತುಗಳಿವೆ' ಎಂದು ಬರೆದು, ಷರತ್ತು ಏನೆಂದು ಮುಂದೆ ಹೇಳಿ: ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಹಣ ಬೆಳೆಗೇ ಬಳಕೆ ಆಗಬೇಕು, ಗಡುವು ದಾಟಬಾರದು.

ತಡವಾದರೆ ಏನಾಗುತ್ತದೆ: ಒಂದೇ ಪೆಟ್ಟಲ್ಲ, ಮೂರು

ಪತ್ರದ ಅತಿ ಕಷ್ಟದ ಭಾಗ ಇದು. ತಡವಾದರೆ 'ದಂಡ ಬೀಳುತ್ತದೆ' ಎಂದು ಒಂದು ಮಾತಿನಲ್ಲಿ ಹೇಳಿ ಮುಗಿಸುವವರೇ ಜಾಸ್ತಿ. ಆದರೆ ದಂಡ ಅದರಲ್ಲಿ ಎಲ್ಲಕ್ಕಿಂತ ಚಿಕ್ಕದು.

ಮೊದಲ ಪೆಟ್ಟು, 3% ವಾಪಸ್ ಹೋಗುತ್ತದೆ. ಒಂದೇ ದಿನ ತಡವಾದರೂ ಹೋಗುತ್ತದೆ. ಎರಡನೇ ಪೆಟ್ಟು, ಗಡುವಿನ ಮರುದಿನದಿಂದ 7% ದರವೂ ಇರುವುದಿಲ್ಲ. ಸರ್ಕಾರದ ಬಡ್ಡಿ ಸಹಾಯ ಹೆಚ್ಚೆಂದರೆ ಒಂದು ವರ್ಷಕ್ಕೆ ಮಾತ್ರ. ಆಮೇಲೆ ಬ್ಯಾಂಕಿನ ಮಾಮೂಲು ದರ ಶುರು. ಪತ್ರದಲ್ಲಿ ಇದನ್ನು 'ಕಾರ್ಡ್ ರೇಟ್' ಅಥವಾ 'ನಾರ್ಮಲ್ ರೇಟ್' ಎಂದಿರುತ್ತಾರೆ. ಕಾರ್ಡ್ ರೇಟ್ ಅಂದರೆ ಕಿಸಾನ್ ಕಾರ್ಡಿನ ದರ ಎಂದು ತಿಳಿಯಬೇಡಿ. ಬ್ಯಾಂಕು ತನ್ನ ಸಾಲಗಳಿಗೆ ಇಟ್ಟಿರುವ ದರಪಟ್ಟಿಯ ದರ ಅದು. ಮೂರನೆಯದು ದಂಡ ಶುಲ್ಕ.

ದಂಡದ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: '2% ಪರ್ ಆನಮ್ ಆನ್ ದಿ ಓವರ್‌ಡ್ಯೂ ಅಮೌಂಟ್'. ಇದರಲ್ಲಿ ಎರಡು ವಿಷಯ ಬಿಡಿಸಬೇಕು. ಒಂದು, 2% ವರ್ಷದ ಲೆಕ್ಕ. ಬರೀ 'ಶೇಕಡಾ 2 ದಂಡ' ಎಂದರೆ ತಡವಾದ ದಿನವೇ ನೂರಕ್ಕೆ ಎರಡು ಕೊಡಬೇಕು ಎಂದಾಗುತ್ತದೆ. ಎರಡು, ಯಾವ ಮೊತ್ತದ ಮೇಲೆ? 'ಓವರ್‌ಡ್ಯೂ' ಅಂದರೆ ಗಡುವು ದಾಟಿದ ಬಾಕಿ. ಸೊಸೈಟಿಗಳಲ್ಲಿ ಇದಕ್ಕೆ 'ಸುಸ್ತಿಬಾಕಿ' ಎನ್ನುತ್ತಾರೆ, ರೈತರಿಗೂ ಆ ಮಾತು ಗೊತ್ತು, ಅದನ್ನೇ ಬಳಸಿ. 'ಔಟ್‌ಸ್ಟ್ಯಾಂಡಿಂಗ್' ಎಂದಿದ್ದರೆ ಖಾತೆಯ ಪೂರ್ತಿ ಬಾಕಿ. ಎರಡನ್ನೂ 'ಬಾಕಿ' ಎಂದು ಬರೆದರೆ ವ್ಯತ್ಯಾಸ ಅಳಿಸಿಹೋಗುತ್ತದೆ. ಅರ್ಧ ಕಟ್ಟಿದವರಿಗೆ, ಕಂತಿನ ಸಾಲದವರಿಗೆ ಇದರಿಂದ ದೊಡ್ಡ ಫರಕು ಬೀಳುತ್ತದೆ.

ಇಲ್ಲಿ ರಿಸರ್ವ್ ಬ್ಯಾಂಕಿನ ಒಂದು ನಿಯಮ ಗೊತ್ತಿರಲಿ. 2023ರ ಆಗಸ್ಟ್ 18ರ ಸುತ್ತೋಲೆ ಪ್ರಕಾರ ಬ್ಯಾಂಕುಗಳು 'ದಂಡ ಬಡ್ಡಿ' ಹಾಕುವಂತಿಲ್ಲ, 'ದಂಡ ಶುಲ್ಕ' ಮಾತ್ರ ಹಾಕಬಹುದು. 2024ರ ಏಪ್ರಿಲ್ 1ರಿಂದ ಹೊಸ ಸಾಲಗಳಿಗೆ ಇದು ಜಾರಿಯಲ್ಲಿದೆ. ಫರಕು ಏನೆಂದರೆ, ದಂಡದ ಹಣವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಹಾಗಾಗಿ ಪತ್ರದಲ್ಲಿ 'ಪೀನಲ್ ಚಾರ್ಜಸ್' ಎಂದಿದ್ದರೆ 'ದಂಡ ಶುಲ್ಕ' ಎಂದೇ ಬರೆಯಿರಿ, ಅಭ್ಯಾಸಬಲದಿಂದ 'ದಂಡ ಬಡ್ಡಿ' ಎನ್ನಬೇಡಿ. ಹೊಸ ಪತ್ರದಲ್ಲೂ 'ಪೀನಲ್ ಇಂಟರೆಸ್ಟ್' ಎಂದೇ ಕಂಡರೆ ಇದ್ದ ಹಾಗೆ ಅನುವಾದ ಮಾಡಿ, ಪಕ್ಕದಲ್ಲಿ ಗುರುತು ಹಾಕಿ, ಬ್ಯಾಂಕಿನಲ್ಲಿ ಕೇಳುವ ಪ್ರಶ್ನೆಗಳಲ್ಲಿ ಸೇರಿಸಿ.

ಲೆಕ್ಕ ಹಾಕಿ ತೋರಿಸಿ

ರೋಣದ ಆ ಕಾಕಾ ಅವರ ಸಾಲವನ್ನೇ ತೆಗೆದುಕೊಳ್ಳೋಣ. ಲೆಕ್ಕ ಸುಲಭವಾಗಲಿ ಎಂದು 2 ಲಕ್ಷವನ್ನೂ ಒಂದೇ ದಿನ ತೆಗೆದಿದ್ದಾರೆ, ಗಡುವು ಸರಿಯಾಗಿ ಒಂದು ವರ್ಷ ಎಂದುಕೊಳ್ಳಿ. ಅವರ ಪತ್ರದಲ್ಲಿ ಗಡುವಿನ ನಂತರದ ದರ 10.5% ಎಂದಿತ್ತು, ದಂಡ 2%. ಈ ಎರಡು ಅಂಕಿ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ ಇರುತ್ತವೆ, ನಿಮ್ಮ ಕೈಲಿರುವ ಪತ್ರ ನೋಡಿಯೇ ಹಾಕಬೇಕು.

ಗಡುವಿನೊಳಗೆ ಕಟ್ಟಿದ್ದರೆ: ವರ್ಷದ ಬಡ್ಡಿ 7% ಲೆಕ್ಕದಲ್ಲಿ 14,000. ಅದರಲ್ಲಿ 6,000 ವಾಪಸ್. ಕೈಯಿಂದ ಹೋಗುವುದು 8,000.

ಒಂದು ವಾರ ತಡವಾಗಿದ್ದರೂ ಆ 6,000 ಬರುವುದಿಲ್ಲ. 14,000 ಪೂರ್ತಿ ಹೋಗುತ್ತದೆ, ಮೇಲೆ ಆ ವಾರದ ಬಡ್ಡಿ ಬೇರೆ.

ಅವರು ಕಟ್ಟಿದ್ದು ಮೂರು ತಿಂಗಳು ತಡವಾಗಿ. ಗಡುವಿನ ದಿನ ಅಸಲು, ಬಡ್ಡಿ ಸೇರಿ 2,14,000 ಸುಸ್ತಿಬಾಕಿ ಆಯಿತು. ಅದಕ್ಕೆ 10.5% ದರದಲ್ಲಿ ಮೂರು ತಿಂಗಳ ಬಡ್ಡಿ ಸುಮಾರು 5,617. ದಂಡ ಶುಲ್ಕ ಅದೇ ಮೂರು ತಿಂಗಳಿಗೆ 1,070. ವರ್ಷದ 14,000 ಸೇರಿಸಿದರೆ ಒಟ್ಟು 20,687. ಸಮಯಕ್ಕೆ ಕಟ್ಟಿದ್ದರೆ ಹೋಗುತ್ತಿದ್ದುದಕ್ಕಿಂತ 12,687 ಜಾಸ್ತಿ. ಅದರಲ್ಲಿ 'ದಂಡ' ಎಂಬ ಹೆಸರಿನದು ಸಾವಿರದ ಎಪ್ಪತ್ತು ಮಾತ್ರ! ಪತ್ರದಲ್ಲಿ ಬರೀ ದಂಡದ ಸಾಲು ನೋಡಿ 'ಸಾವಿರ ರೂಪಾಯಿ ಹೋದರೆ ಹೋಗಲಿ, ರೇಟ್ ಬರಲಿ, ಆಮೇಲೆ ಕಡಲೆ ಮಾರಿದರಾಯಿತು' ಎಂದು ಕಾಯುವವರು ಮೋಸ ಹೋಗುವುದು ಇಲ್ಲೇ.

ಈ ಲೆಕ್ಕವನ್ನು ಅನುವಾದದ ಜೊತೆ ಕೊಡಿ. 'ಇದು ಅಂದಾಜು, ನಿಖರ ಲೆಕ್ಕ ಬ್ಯಾಂಕಿನದು' ಎಂದು ಮೇಲೆ ಬರೆದಿರಿ.

ಬೇಗ ಮುಗಿಯುವ ಕೆಲವು ಷರತ್ತುಗಳು

'ರೀಪೇಯೆಬಲ್ ಆನ್ ಡಿಮಾಂಡ್' ಎಂಬ ಸಾಲು ನೋಡಿ ರೈತರು ಹೆದರುತ್ತಾರೆ. 'ಷರತ್ತು ಮುರಿದರೆ ಗಡುವಿಗೆ ಮುಂಚೆಯೇ ಸಾಲ ವಾಪಸ್ ಕೇಳುವ ಹಕ್ಕು ಬ್ಯಾಂಕಿಗಿದೆ' ಎನ್ನುವುದು ಅದರ ನಡೆವಳಿಕೆಯ ಅರ್ಥ. ಪತ್ರದಲ್ಲಿ 'ಷರತ್ತು ಮುರಿದರೆ' ಎಂಬ ಮಾತು ಇಲ್ಲದಿದ್ದರೆ ಅನುವಾದದಲ್ಲಿ ನೀವು ಸೇರಿಸಬೇಡಿ, ಬಾಯಿಮಾತಿನಲ್ಲಿ ವಿವರಿಸಿ.

'ಜಾಯಿಂಟ್ಲಿ ಅಂಡ್ ಸೆವೆರಲಿ' ಅಂದರೆ ಜಾಮೀನುದಾರರಿಂದಲೂ, ಜಂಟಿ ಖಾತೆಯಾದರೆ ಅಣ್ಣತಮ್ಮಂದಿರಲ್ಲಿ ಒಬ್ಬರಿಂದಲೇ ಆದರೂ, ಪೂರ್ತಿ ಸಾಲ ವಸೂಲಿ ಮಾಡಬಹುದು. 'ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ' ಎಂದು ಬರೆದರೆ ಪಾಲು ಹಂಚಿಕೊಂಡು ಕಟ್ಟುವುದು ಎಂದೇ ಜನ ತಿಳಿಯುತ್ತಾರೆ. ಹೊಲದ ಮೇಲಿನ 'ಚಾರ್ಜ್' ಅಂದರೆ ಉತಾರದ 11ನೇ ಕಾಲಮ್ಮಿನಲ್ಲಿ ಏರುವ ಬೋಜಾ. ಇದನ್ನು ಯಾರಿಗೂ ವಿವರಿಸಬೇಕಿಲ್ಲ, ಆ ಪದ ಬಳಸಿದರೆ ಸಾಕು. ಬೆಳೆವಿಮೆಯ ಕಂತು ಖಾತೆಯಿಂದ ಕಡಿತ ಆಗುತ್ತದೆ ಎಂಬ ಸಾಲಿದ್ದರೆ, ಆ ಹಣವೂ ಸಾಲವೇ ಆಗುತ್ತದೆ, ಅದಕ್ಕೂ ಬಡ್ಡಿ ಇದೆ ಎಂದು ಹೇಳಿ. ಸಾಲ ಪಡೆದವರಿಗೂ ವಿಮೆ 2020ರ ಮುಂಗಾರಿನಿಂದ ಐಚ್ಛಿಕ. ಬೇಡವಾದರೆ ವಿಮೆ ನೋಂದಣಿಯ ಕೊನೆಯ ದಿನಾಂಕಕ್ಕೆ ಏಳು ದಿನ ಮುಂಚೆ ಬ್ಯಾಂಕಿಗೆ ಬರೆದು ಕೊಡಬೇಕು.

ಓದಿ ಹೇಳಿದ ಮೇಲೆ, ಅವರ ಬಾಯಿಂದ ಕೇಳಿ

'ತಿಳೀತಾ?' ಎಂದು ಕೇಳಿದರೆ 'ಹೂಂ, ತಿಳೀತು' ಎನ್ನುತ್ತಾರೆ. ಹಿರಿಯರು ನಿಮ್ಮ ಮರ್ಯಾದೆಗಾಗಿ ಹಾಗೆನ್ನುತ್ತಾರೆ. ಅದಕ್ಕೇ ನಾನು ಬೇರೆ ಥರ ಕೇಳುತ್ತೇನೆ: "ಕಾಕಾ, ಮನ್ಯಾಗ ಕಾಕು ಕೇಳಿದ್ರ ಯಾವಾಗ ಎಷ್ಟು ಕಟ್ಟಬೇಕಂತ ಹೇಳ್ತೀರಿ?" ಅವರು ತಾರೀಖು, ಮೊತ್ತ ಎರಡನ್ನೂ ತಮ್ಮ ಮಾತಿನಲ್ಲಿ ಹೇಳಿದರೆ ಅನುವಾದ ಆಯಿತು. ತಪ್ಪು ಹೇಳಿದರೆ ಅವರು ಎಡವಿದ ಆ ವಾಕ್ಯವನ್ನು ತಿದ್ದಿ ಬರೆಯಿರಿ, ಯಾಕಂದರೆ ತಪ್ಪು ಅದರಲ್ಲಿದೆ.

ರೋಣದ ಕಾಕಾ ಮುಂದಿನ ವರ್ಷ ಮತ್ತೆ ಬಂದರು. ಬರುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ಮೊದಲ ಪುಟ ಓದಿಸಿ ಅದೇ ಪ್ರಶ್ನೆ ಕೇಳಿದೆ. "ಕಾರ್ಡು ಐದು ವರ್ಷದ್ದು, ಸಾಲ ಒಂದ ವರ್ಷದ್ದು. ಎರಡು ಲಕ್ಷದ ಹದಿನಾಲ್ಕು ಸಾವಿರ ತುಂಬಬೇಕು, ಆರು ಸಾವಿರ ಹಿಂದ ಬರ್ತೈತಿ" ಎಂದರು. ಸ್ವಲ್ಪ ತಡೆದು, "ಗಡುವಿನ ದಿವಸ ರವಿವಾರ ಬಂದ್ರ?" ಎಂದು ಕೇಳಿದರು. ನನಗೆ ಹೊಳೆಯದ ಪ್ರಶ್ನೆ ಅದು. ಕ್ಯಾಲೆಂಡರ್ ತೆಗೆದು ನೋಡಿದೆವು, ಗಡುವಿನ ದಿನ ನಿಜವಾಗಲೂ ರವಿವಾರವೇ ಇತ್ತು. ಅವತ್ತಿನಿಂದ ಮೊದಲ ಪುಟದಲ್ಲಿ ಗಡುವಿನ ಕೆಳಗೆ ಇನ್ನೊಂದು ತಾರೀಖು ಬರೆಯುತ್ತಿದ್ದೇನೆ, ಹತ್ತು ದಿನ ಮುಂಚಿನದು: 'ಬ್ಯಾಂಕಿಗೆ ಹೋಗುವ ದಿನ'.

ಬ್ಯಾಂಕಿಗೆ ಹೋಗುವಾಗ ಒಯ್ಯಲು ಒಂದು ಚೀಟಿಯನ್ನೂ ಕೊಡುತ್ತೇನೆ. ಅದರಲ್ಲಿ ಮೂರು ಪ್ರಶ್ನೆ: ನನ್ನ ಗಡುವಿನ ತಾರೀಖು ಯಾವುದು? ಗಡುವು ದಾಟಿದರೆ ದರ ಎಷ್ಟು? ದಂಡ ಯಾವ ಮೊತ್ತದ ಮೇಲೆ? ಉತ್ತರವನ್ನು ಚೀಟಿಯ ಮೇಲೇ ಬರೆಸಿಕೊಂಡು ಬರಲು ಹೇಳುತ್ತೇನೆ. ಅದನ್ನು ಮಂಜೂರಾತಿ ಪತ್ರದ ಮೂಲ ಪ್ರತಿಯ ಜೊತೆಗೇ ಪಿನ್ ಮಾಡಿ ಇಡಬೇಕು. ಅನುವಾದದ ಕೊನೆಗೆ 'ಇದು ತಿಳಿವಳಿಕೆಗಾಗಿ ಮಾಡಿದ ಕನ್ನಡ ರೂಪ, ಸಹಿ ಮಾಡಿದ ಇಂಗ್ಲಿಷ್ ಪತ್ರವೇ ಅಂತಿಮ' ಎಂದು ಬರೆದು ನಿಮ್ಮ ಹೆಸರು, ಫೋನ್ ನಂಬರ್ ಹಾಕಿ. ಪತ್ರದ ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಂಡಿದ್ದರೆ ಕೆಲಸ ಮುಗಿದ ಮೇಲೆ ಅಳಿಸಿಬಿಡಿ. ಅದರಲ್ಲಿ ಅವರ ಖಾತೆ ನಂಬರ್, ಆಧಾರ್, ಹೊಲದ ಸರ್ವೇ ನಂಬರ್ ಎಲ್ಲಾ ಇರುತ್ತವೆ.